ತುಂಡು ತಂತಿಯ ಕಾಂತಕ್ಷೇತ್ರ: ಎರಡು ಕೋನಗಳ ಲೆಕ್ಕ

ವಿದ್ಯುತ್ ಹರಿಯುವ ತಂತಿಯ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ ಎಂಬುದನ್ನು 1820ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಹಾನ್ಸ್ ಕ್ರಿಶ್ಚಿಯನ್ ಓರ್ಸ್ಟೆಡ್ ತೋರಿಸಿಕೊಟ್ಟರು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಬಯೋ ಮತ್ತು ಸಾವಾರ್ ಉದ್ದವಾದ ನೇರ ತಂತಿಯ ಬಳಿ ಅಳತೆ ಮಾಡಿ, ತಂತಿಯಿಂದ ದೂರ ಎರಡು ಪಟ್ಟಾದರೆ ಕ್ಷೇತ್ರ ಅರ್ಧಕ್ಕೆ ಇಳಿಯುತ್ತದೆ ಎಂದು ಕಂಡುಕೊಂಡರು. ಪಠ್ಯಪುಸ್ತಕಗಳಲ್ಲಿ ಇದು ಹೀಗೆ ಕಾಣಿಸುತ್ತದೆ:

B = μ₀I / (2πd)

ಇಲ್ಲಿ I ಎಂದರೆ ತಂತಿಯಲ್ಲಿ ಹರಿಯುವ ಪ್ರವಾಹ, d ಎಂದರೆ ತಂತಿಯಿಂದ ಬಿಂದುವಿಗಿರುವ ಲಂಬ ದೂರ. ಆದರೆ ಈ ಸೂತ್ರ ಎರಡೂ ಕಡೆ ಕೊನೆಯೇ ಇಲ್ಲದ ತಂತಿಗೆ ಮಾತ್ರ ಸರಿಯಾಗಿ ಹೊಂದುತ್ತದೆ. ಎಂಟು ಸೆಂಟಿಮೀಟರ್ ಉದ್ದದ ತಂತಿಯ ಭಾಗದಿಂದ ಮೂರು ಸೆಂಟಿಮೀಟರ್ ದೂರದಲ್ಲಿ ಎಷ್ಟು ಕ್ಷೇತ್ರ ಇರುತ್ತದೆ ಎಂದು ಕೇಳಿದರೆ ಇದು ಉತ್ತರ ಕೊಡಲಾರದು. ಅದಕ್ಕೆ ತಂತಿಯನ್ನು ಚಿಕ್ಕ ಚಿಕ್ಕ ತುಣುಕುಗಳಾಗಿ ಎಣಿಸಿ, ಪ್ರತಿ ತುಣುಕಿನ ಪಾಲನ್ನು ಕೂಡಿಸಬೇಕು.

ಒಂದು ತುಣುಕಿನ ಪಾಲು

ತಂತಿಯ ಅತಿ ಸಣ್ಣ ತುಣುಕೊಂದರ ಉದ್ದ dy ಎಂದಿಟ್ಟುಕೊಳ್ಳೋಣ. ಅಲ್ಲಿಂದ r ದೂರದಲ್ಲಿರುವ P ಎಂಬ ಬಿಂದುವಿನಲ್ಲಿ ಅದು ಉಂಟುಮಾಡುವ ಕ್ಷೇತ್ರವನ್ನು ಬಯೋ–ಸಾವಾರ್ ನಿಯಮ ಹೇಳುತ್ತದೆ:

dB = (μ₀/4π) · I dy sin α / r²

α ಎಂಬುದು ತಂತಿಗೂ ತುಣುಕಿನಿಂದ P ಕಡೆಗೆ ಎಳೆದ ಗೆರೆಗೂ ನಡುವಿನ ಕೋನ. μ₀/4π ಬೆಲೆ 10⁻⁷ ಎಂದು ಹಿಡಿದರೆ ಸಾಕು. ಉದ್ದವನ್ನು ಮೀಟರಿನಲ್ಲಿ, ಪ್ರವಾಹವನ್ನು ಆಂಪಿಯರಿನಲ್ಲಿ ಹಾಕಿದರೆ ಕ್ಷೇತ್ರ ಟೆಸ್ಲಾದಲ್ಲಿ ಸಿಗುತ್ತದೆ.

ನಿಯಮದಲ್ಲಿ ಎರಡು ಸಂಗತಿಗಳಿವೆ. ತುಣುಕು ದೂರವಾದಷ್ಟೂ ಅದರ ಪಾಲು ದೂರದ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. ಜೊತೆಗೆ, P ಬಿಂದುವಿನಿಂದ ನೋಡಿದಾಗ ತುಣುಕು ಎಷ್ಟು ಓರೆಯಾಗಿದೆಯೋ ಅಷ್ಟು ಪಾಲು ಕಡಿಮೆಯಾಗುತ್ತದೆ. P ಬಿಂದು ತಂತಿಯನ್ನೇ ಮುಂದಕ್ಕೆ ಎಳೆದ ಗೆರೆಯ ಮೇಲಿದ್ದರೆ sin α ಸೊನ್ನೆ, ಹಾಗಾಗಿ ಅಲ್ಲಿ ಆ ತಂತಿಯಿಂದ ಕ್ಷೇತ್ರವೇ ಇಲ್ಲ.

ದಿಕ್ಕಿನ ವಿಷಯದಲ್ಲಿ ನೇರ ತಂತಿ ಒಂದು ದೊಡ್ಡ ಅನುಕೂಲ ಮಾಡಿಕೊಡುತ್ತದೆ. ತಂತಿ ಮತ್ತು P ಬಿಂದು ಒಂದೇ ಸಮತಲದಲ್ಲಿವೆ; ಪ್ರತಿ ತುಣುಕಿನ ಕ್ಷೇತ್ರವೂ ಆ ಸಮತಲಕ್ಕೆ ಲಂಬವಾಗಿ ಒಂದೇ ಕಡೆಗೆ ಇರುತ್ತದೆ. ಬಲಗೈ ಹೆಬ್ಬೆರಳನ್ನು ಪ್ರವಾಹದ ದಿಕ್ಕಿಗೆ ಹಿಡಿದು ತಂತಿಯನ್ನು ಹಿಡಿದಂತೆ ಬೆರಳು ಮಡಿಸಿದರೆ ಬೆರಳುಗಳು ಆ ದಿಕ್ಕನ್ನು ತೋರಿಸುತ್ತವೆ. ಎಲ್ಲ ಪಾಲುಗಳೂ ಒಂದೇ ದಿಕ್ಕಿನವಾದ್ದರಿಂದ ಅವನ್ನು ಸಾಮಾನ್ಯ ಸಂಖ್ಯೆಗಳಂತೆ ಕೂಡಿಸಬಹುದು.

ಉದ್ದದ ಬದಲು ಕೋನ

P ಬಿಂದುವಿನಿಂದ ತಂತಿಗೆ ಒಂದು ಲಂಬ ಎಳೆಯಬೇಕು. ಅದರ ಉದ್ದ d. ಅದು ತಂತಿಯನ್ನು ಮುಟ್ಟುವ ಜಾಗವೇ ಲಂಬಪಾದ. ತುಣುಕು ಲಂಬಪಾದದಿಂದ y ದೂರದಲ್ಲಿದೆ ಎನ್ನೋಣ. ಈಗ y, r, sin α ಮೂರೂ ಒಟ್ಟಿಗೆ ಬದಲಾಗುತ್ತವೆ. ಹಾಗೇ ಕೂಡಿಸಹೊರಟರೆ ಲೆಕ್ಕ ಕಗ್ಗಂಟಾಗುತ್ತದೆ. ಅದರ ಬದಲು, P ಬಿಂದುವಿನಲ್ಲಿ ಲಂಬಕ್ಕೂ ತುಣುಕಿನ ಕಡೆಗಿನ ಗೆರೆಗೂ ನಡುವೆ ಇರುವ ಕೋನವನ್ನು θ ಎಂದು ಕರೆದರೆ ಮೂರನ್ನೂ ಅದೊಂದರಿಂದಲೇ ಹೇಳಬಹುದು:

y = d tan θ
r = d / cos θ
sin α = cos θ

ಮೊದಲ ಸಾಲಿನಿಂದ dy = d dθ / cos²θ ಎಂದು ಸಿಗುತ್ತದೆ. ಇವನ್ನೆಲ್ಲ ನಿಯಮದಲ್ಲಿ ಹಾಕಿದಾಗ ಮೇಲಿನ cos²θ ಮತ್ತು ಕೆಳಗಿನ cos²θ ಪರಸ್ಪರ ಹೊಡೆದುಹೋಗಿ ಇಷ್ಟೇ ಉಳಿಯುತ್ತದೆ:

dB = (μ₀I / 4πd) cos θ dθ

ಈ ಹೊಡೆದುಹೋಗುವಿಕೆಯ ಹಿಂದೆ ಒಂದು ಸ್ಪಷ್ಟ ಕಾರಣವಿದೆ. d ಮೂರು ಸೆಂಟಿಮೀಟರ್ ಇರಲಿ. P ಬಿಂದುವಿನಿಂದ ಒಂದು ಡಿಗ್ರಿ ಅಗಲದ ಕೋನದಲ್ಲಿ ನೋಡಿದರೆ, ಲಂಬಪಾದದ ಬಳಿ ತಂತಿಯ ಸುಮಾರು ಅರ್ಧ ಮಿಲಿಮೀಟರ್ ಮಾತ್ರ ಕಾಣುತ್ತದೆ. ಅದೇ ಒಂದು ಡಿಗ್ರಿಯನ್ನು 60 ಡಿಗ್ರಿಯಷ್ಟು ವಾರೆಗೆ ತಿರುಗಿಸಿದರೆ ಅದರೊಳಗೆ ಸುಮಾರು ಎರಡು ಮಿಲಿಮೀಟರ್, ಅಂದರೆ ನಾಲ್ಕು ಪಟ್ಟು ತಂತಿ ಬರುತ್ತದೆ. ಆದರೆ ಆ ಭಾಗ ಎರಡು ಪಟ್ಟು ದೂರದಲ್ಲಿದೆ. ದೂರದ ವರ್ಗದಿಂದ ಅದರ ಪ್ರಭಾವ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹೆಚ್ಚು ತಂತಿಯಿಂದ ಬಂದ ಲಾಭವನ್ನು ದೂರದ ನಷ್ಟ ಸರಿಯಾಗಿ ತೀರಿಸುತ್ತದೆ. ಕೊನೆಗೆ ಉಳಿಯುವುದು ಓರೆತನ ಮಾತ್ರ. ಅದರ ಲೆಕ್ಕ cos 60°, ಅಂದರೆ ಅರ್ಧ.

ಇನ್ನು ಕೂಡಿಸುವುದಷ್ಟೇ ಬಾಕಿ. cos θ ಅನುಕಲನ sin θ. ಲಂಬದ ಒಂದು ಕಡೆ ತಂತಿಯ ತುದಿಯವರೆಗೆ ಕೋನ θ₁, ಇನ್ನೊಂದು ಕಡೆ θ₂ ಆಗಿದ್ದರೆ ಉತ್ತರ ಹೀಗಿರುತ್ತದೆ:

B = (μ₀I / 4πd)(sin θ₁ + sin θ₂)

ತಂತಿಯ ಉದ್ದ ಈ ಸೂತ್ರದಲ್ಲಿ ನೇರವಾಗಿ ಎಲ್ಲೂ ಇಲ್ಲ. P ಬಿಂದುವಿನಿಂದ ತಂತಿಯ ಎರಡು ತುದಿಗಳು ಯಾವ ಕೋನದಲ್ಲಿ ಕಾಣುತ್ತವೆ ಎಂಬುದರಲ್ಲೇ ಉದ್ದದ ಪರಿಣಾಮವೆಲ್ಲ ಅಡಗಿದೆ.

ಒಂದು ಲೆಕ್ಕ

ತಂತಿಯ ಉದ್ದ 8 ಸೆಂ.ಮೀ., ಪ್ರವಾಹ 3 ಆಂಪಿಯರ್. P ಬಿಂದು ತಂತಿಯ ಮಧ್ಯಕ್ಕೆ ಎದುರಾಗಿ 3 ಸೆಂ.ಮೀ. ದೂರದಲ್ಲಿದೆ. ಲಂಬದ ಎರಡೂ ಕಡೆ 4 ಸೆಂ.ಮೀ. ತಂತಿಯಿದೆ. ಲಂಬ 3, ತಂತಿಯ ಅರ್ಧ 4 ಆದ್ದರಿಂದ ತುದಿಯವರೆಗಿನ ಗೆರೆ 5 ಸೆಂ.ಮೀ. ಎರಡೂ ಕೋನಗಳ ಸೈನ್ ಬೆಲೆ 4/5, ಅಂದರೆ 0.8. ಸೈನ್ ಬೆಲೆಯನ್ನು ಹೀಗೆ ಬಾಹುಗಳಿಂದಲೇ ಪಡೆಯಬಹುದಾದ್ದರಿಂದ ಕೋನ ಎಷ್ಟು ಡಿಗ್ರಿ ಎಂದು ಹುಡುಕುವ ಅಗತ್ಯವಿಲ್ಲ.

ಸೂತ್ರದ ಮೊದಲ ಭಾಗ 10⁻⁷ × 3 / 0.03 = 10⁻⁵ ಟೆಸ್ಲಾ, ಅಂದರೆ 10 ಮೈಕ್ರೊಟೆಸ್ಲಾ. ಅದನ್ನು 0.8 + 0.8 = 1.6ರಿಂದ ಗುಣಿಸಿದರೆ 16 ಮೈಕ್ರೊಟೆಸ್ಲಾ. ಇದೇ ಜಾಗಕ್ಕೆ ಕೊನೆಯಿಲ್ಲದ ತಂತಿಯ ಸೂತ್ರ ಹಾಕಿದ್ದರೆ 20 ಮೈಕ್ರೊಟೆಸ್ಲಾ ಬರುತ್ತಿತ್ತು. ಹೋಲಿಕೆಗೆ, ಬೆಂಗಳೂರಿನಲ್ಲಿ ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವ ಭೂಮಿಯ ಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ.

ತಂತಿ ಬಹಳ ಉದ್ದವಾದರೆ ಎರಡೂ ಕೋನಗಳು 90 ಡಿಗ್ರಿಯತ್ತ ಸಾಗುತ್ತವೆ, ಸೈನ್‌ಗಳ ಮೊತ್ತ 2 ಆಗುತ್ತದೆ, ಹಳೆಯ ಸೂತ್ರವೇ ಮರಳಿ ಬರುತ್ತದೆ. ‘ಬಹಳ ಉದ್ದ’ ಎಂದರೆ ಎಷ್ಟು ಎಂಬುದಕ್ಕೂ ಇಲ್ಲಿ ಉತ್ತರವಿದೆ. ಲಂಬದ ಎರಡೂ ಕಡೆ ತಂತಿ d ದೂರದ ಮೂರರಷ್ಟಿದ್ದರೆ ಹಳೆಯ ಸೂತ್ರ ಸುಮಾರು ಶೇಕಡ 5ರಷ್ಟು ಹೆಚ್ಚು ಹೇಳುತ್ತದೆ. ಹತ್ತರಷ್ಟಿದ್ದರೆ ವ್ಯತ್ಯಾಸ ಶೇಕಡ ಅರ್ಧ ಮಾತ್ರ.

ಲಂಬಪಾದ ತಂತಿಯ ಹೊರಗೆ ಬಿದ್ದಾಗ

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಅದೇ ತಂತಿ, ಅದೇ ಪ್ರವಾಹ, ಅದೇ 3 ಸೆಂ.ಮೀ. ಲಂಬ ದೂರ ಇರಲಿ. P ಬಿಂದುವನ್ನು ತಂತಿಗೆ ಸಮಾನಾಂತರವಾಗಿ ಸರಿಸುತ್ತ ಹೋಗೋಣ. ಅದು ತಂತಿಯ ತುದಿಗೆ ಸರಿಯಾಗಿ ಎದುರು ಬಂದಾಗ ಒಂದು ಕೋನ ಸೊನ್ನೆಯಾಗುತ್ತದೆ. ಇನ್ನೊಂದರ ಸೈನ್ 8/√73, ಸುಮಾರು 0.94. ಕ್ಷೇತ್ರ 9.4 ಮೈಕ್ರೊಟೆಸ್ಲಾಕ್ಕೆ ಇಳಿಯುತ್ತದೆ.

ಇನ್ನೂ 4 ಸೆಂ.ಮೀ. ಸರಿಸಿದರೆ ಲಂಬಪಾದ ತಂತಿಯನ್ನು ದಾಟಿ ಹೊರಗೆ ಬೀಳುತ್ತದೆ. ಹತ್ತಿರದ ತುದಿ ಅಲ್ಲಿಂದ 4 ಸೆಂ.ಮೀ., ದೂರದ ತುದಿ 12 ಸೆಂ.ಮೀ. ಈಗ ಎರಡು ತುದಿಗಳೂ ಲಂಬದ ಒಂದೇ ಕಡೆ ಇವೆ. ಹಾಗಾಗಿ ಸೈನ್‌ಗಳನ್ನು ಕೂಡಿಸದೆ ಕಳೆಯಬೇಕು: 12/√153 ಅಂದರೆ 0.97, ಅದರಿಂದ 0.8 ಕಳೆದರೆ 0.17. ಕ್ಷೇತ್ರ 1.7 ಮೈಕ್ರೊಟೆಸ್ಲಾ. ಲಂಬಪಾದದಿಂದ ದೂರದ ತುದಿಯವರೆಗೂ ತಂತಿಯಿದೆ ಎಂದು ಎಣಿಸಿ, ಇಲ್ಲದ ಭಾಗದ ಪಾಲನ್ನು ತೆಗೆದುಹಾಕಿದಂತೆ ಇದು.

ಮರೆತು ಕೂಡಿಸಿದ್ದರೆ 17.7 ಮೈಕ್ರೊಟೆಸ್ಲಾ ಬರುತ್ತಿತ್ತು. ಅದು ತಂತಿಯ ಮಧ್ಯದೆದುರು ಸಿಕ್ಕ 16ಕ್ಕಿಂತಲೂ ಹೆಚ್ಚು. ತಂತಿಯಿಂದ ಆಚೆ ಸರಿದಾಗ ಕ್ಷೇತ್ರ ಹೆಚ್ಚಾಗುವುದು ಸಾಧ್ಯವಿಲ್ಲ. ತಪ್ಪನ್ನು ಹಿಡಿಯಲು ಈ ಒಂದು ಪರೀಕ್ಷೆ ಸಾಕು.

ಇನ್ನೊಂದು ಗೊಂದಲ ಕೋನ ಎಲ್ಲಿದೆ ಎಂಬುದರದ್ದು. ಕೆಲವು ಪುಸ್ತಕಗಳು ಕೋನಗಳನ್ನು P ಬಿಂದುವಿನಲ್ಲಿ ಅಳೆಯದೆ ತಂತಿಯ ತುದಿಗಳಲ್ಲಿ, ತಂತಿಗೂ P ಕಡೆಗಿನ ಗೆರೆಗೂ ನಡುವೆ ಅಳೆಯುತ್ತವೆ. ಆಗ ಸೂತ್ರದಲ್ಲಿ ಸೈನ್ ಬದಲು ಕೊಸೈನ್ ಬರುತ್ತದೆ. 3–4–5 ತ್ರಿಕೋನದಲ್ಲಿ ತುದಿಯ ಕೋನದ ಕೊಸೈನ್ ಕೂಡ 4/5 ಆದ್ದರಿಂದ ಉತ್ತರ ಬದಲಾಗದು. ಸೂತ್ರವನ್ನು ಒಂದು ಪುಸ್ತಕದಿಂದ, ಚಿತ್ರವನ್ನು ಇನ್ನೊಂದರಿಂದ ತೆಗೆದುಕೊಂಡಾಗ ಮಾತ್ರ ಲೆಕ್ಕ ಕೆಡುತ್ತದೆ.

ತುಂಡುಗಳಿಂದ ಇಡೀ ಮಂಡಲ

ಸ್ಥಿರ ಪ್ರವಾಹ ತಂತಿಯ ತುಂಡೊಂದರಲ್ಲಿ ಒಂಟಿಯಾಗಿ ಹರಿಯಲಾರದು. ಅದು ಸುತ್ತಿ ಮರಳಲೇಬೇಕು. ಆದ್ದರಿಂದ ಕೋನಗಳ ಸೂತ್ರ ಕೊಡುವುದು ಮಂಡಲದ ಒಂದು ಭಾಗದ ಪಾಲನ್ನು ಮಾತ್ರ. ಮೇಲಿನ 16 ಮೈಕ್ರೊಟೆಸ್ಲಾವನ್ನು ಪ್ರಯೋಗದಲ್ಲಿ ಅಳೆಯಹೊರಟರೆ, ಬ್ಯಾಟರಿಗೆ ಹೋಗಿಬರುವ ತಂತಿಗಳ ಪಾಲೂ ಅಳತೆಯಲ್ಲಿ ಸೇರಿಕೊಳ್ಳುತ್ತದೆ.

ಮಂಡಲದ ಎಲ್ಲ ಬದಿಗಳೂ ನೇರವಾಗಿದ್ದರೆ ಪ್ರತಿ ಬದಿಗೂ ಇದೇ ಸೂತ್ರ ಹಾಕಿ ಕೂಡಿಸಬಹುದು. 8 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲದ ಆಯತಾಕಾರದ ಸುರುಳಿಯಲ್ಲಿ 3 ಆಂಪಿಯರ್ ಹರಿಯುತ್ತಿದೆ ಎನ್ನೋಣ. ಕೇಂದ್ರದಲ್ಲಿ ಕ್ಷೇತ್ರ ಬೇಕು. ಉದ್ದದ ಬದಿ ಕೇಂದ್ರದಿಂದ 3 ಸೆಂ.ಮೀ. ದೂರದಲ್ಲಿದೆ, ಅದರ ಪಾಲು ಈಗಾಗಲೇ ಸಿಕ್ಕಿರುವ 16 ಮೈಕ್ರೊಟೆಸ್ಲಾ. ಅಗಲದ ಬದಿ 4 ಸೆಂ.ಮೀ. ದೂರದಲ್ಲಿದೆ, ಲಂಬದ ಎರಡೂ ಕಡೆ 3 ಸೆಂ.ಮೀ. ತಂತಿಯಿದ್ದು ಸೈನ್ ಬೆಲೆ 3/5. ಅದರ ಪಾಲು 7.5 × 1.2 = 9 ಮೈಕ್ರೊಟೆಸ್ಲಾ. ಪ್ರವಾಹ ಸುರುಳಿಯನ್ನು ಒಂದೇ ಸುತ್ತಿನಲ್ಲಿ ಹಾದುಹೋಗುವುದರಿಂದ ನಾಲ್ಕೂ ಬದಿಗಳ ಕ್ಷೇತ್ರ ಕೇಂದ್ರದಲ್ಲಿ ಒಂದೇ ದಿಕ್ಕಿಗಿದೆ. ಒಟ್ಟು 16 + 9 + 16 + 9 = 50 ಮೈಕ್ರೊಟೆಸ್ಲಾ. ತಂತಿಯನ್ನು ಹತ್ತು ಸುತ್ತು ಒತ್ತಾಗಿ ಸುತ್ತಿದರೆ ಇದರ ಹತ್ತು ಪಟ್ಟು, ಅಂದರೆ 500 ಮೈಕ್ರೊಟೆಸ್ಲಾ ದೊರೆಯುತ್ತದೆ.