ಗಂಟೆಗೊಮ್ಮೆ ಮಾಯವಾಗುತ್ತಿದ್ದ ಎಸ್‌ಎಸ್‌ಡಿ

ಮೌಸ್ ಬಾಣ ಓಡಾಡುತ್ತದೆ, ಆದರೆ ಯಾವ ಫೈಲೂ ತೆರೆಯುವುದಿಲ್ಲ. ಸ್ವಲ್ಪ ಹೊತ್ತಿಗೆ ನೀಲಿ ಪರದೆ. ರೀಸ್ಟಾರ್ಟ್ ಮಾಡಿದರೆ ಡಿಸ್ಕೇ ಇಲ್ಲ ಎನ್ನುವ ಸಂದೇಶ. ಪೂರ್ತಿ ಆಫ್ ಮಾಡಿ ಮತ್ತೆ ಹಚ್ಚಿದರೆ ಏನೂ ಆಗಿಯೇ ಇಲ್ಲವೆಂಬಂತೆ ಎಲ್ಲ ಸರಿ. ಆದರೆ ಸುಮಾರು ಒಂದು ಗಂಟೆ ಮಾತ್ರ. 2011ರಲ್ಲಿ ಮಾರುಕಟ್ಟೆಗೆ ಬಂದ ಕ್ರೂಷಿಯಲ್ ಕಂಪನಿಯ ಎಂ4 ಎಸ್‌ಎಸ್‌ಡಿಯನ್ನು ಹಾಕಿಸಿಕೊಂಡಿದ್ದ ಕೆಲವರಿಗೆ ಗಂಟು ಬಿದ್ದ ಕಾಟ ಇದು.

ಕಾರಣ ಹಾರ್ಡ್‌ವೇರ್ ಆಗಿರಲಿಲ್ಲ. ಎಸ್‌ಎಸ್‌ಡಿಯೊಳಗೇ ಒಂದು ಪುಟ್ಟ ಪ್ರೊಸೆಸರ್ ಇರುತ್ತದೆ, ಅದನ್ನು ನಡೆಸುವ ಪ್ರೋಗ್ರಾಮ್‌ಗೆ ಫರ್ಮ್‌ವೇರ್ ಎನ್ನುತ್ತಾರೆ. ಯಾವ ಫೈಲಿನ ಯಾವ ತುಣುಕು ಯಾವ ಚಿಪ್‌ನಲ್ಲಿದೆ ಎಂಬ ಲೆಕ್ಕ ಅದರ ಬಳಿಯೇ ಇರುತ್ತದೆ. ತಾನು ಒಟ್ಟು ಎಷ್ಟು ಗಂಟೆ ಚಾಲೂ ಇದ್ದೆ ಎಂಬುದನ್ನೂ ಅದೇ ಎಣಿಸುತ್ತಿರುತ್ತದೆ. ಎಂ4ನಲ್ಲಿ ಈ ಎಣಿಕೆ 5,184 ಗಂಟೆ ತಲುಪಿದಾಗ ಫರ್ಮ್‌ವೇರ್ ಎಡವಿ ಡ್ರೈವ್ ಮಾತು ನಿಲ್ಲಿಸುತ್ತಿತ್ತು. ಅಲ್ಲಿಂದ ಮುಂದೆ ಪ್ರತಿ ಗಂಟೆಗೂ ಅದೇ ಪಾಡು.

5,184 ಗಂಟೆ ಎಂದರೆ 216 ದಿನ. ಹಗಲೂ ರಾತ್ರಿ ಕಂಪ್ಯೂಟರ್ ಆರಿಸದವರು ಏಳು ತಿಂಗಳಲ್ಲೇ ಅಲ್ಲಿಗೆ ಮುಟ್ಟಿದರು. ಅದೇ ಡ್ರೈವ್ ದಿನಕ್ಕೆ ಎಂಟು ಗಂಟೆ ಓಡುವ ಲ್ಯಾಪ್‌ಟಾಪ್‌ನಲ್ಲಿದ್ದರೆ ಸುಮಾರು ಇಪ್ಪತ್ತೊಂದು ತಿಂಗಳು ಬೇಕು. ಒಂದೇ ದಿನ ಕೊಂಡ ಎರಡು ಡ್ರೈವ್‌ಗಳಲ್ಲಿ ಒಂದು ಕೆಟ್ಟು ಇನ್ನೊಂದು ಸರಿಯಿದ್ದರೆ ಯಾರಿಗೂ ಫರ್ಮ್‌ವೇರ್ ಮೇಲೆ ಅನುಮಾನ ಬರುವುದಿಲ್ಲ. ಕೇಬಲ್ಲು, ವಿಂಡೋಸ್, ವೈರಸ್ ಎಂದು ಹುಡುಕಾಟ ನಡೆಯುತ್ತದೆ. 2012ರ ಜನವರಿಯಲ್ಲಿ ಕಂಪನಿ ದೋಷ ಒಪ್ಪಿಕೊಂಡು 0309 ಎಂಬ ಹೊಸ ಫರ್ಮ್‌ವೇರ್ ಬಿಟ್ಟಿತು. ಡ್ರೈವ್‌ನಲ್ಲಿರುವ ಮಾಹಿತಿಗೆ ಈ ದೋಷದಿಂದ ಅಪಾಯವಿಲ್ಲ ಎಂದೂ ಹೇಳಿತು.

ಮಾಯವಾದ ಎಲ್ಲ ಎಸ್‌ಎಸ್‌ಡಿಗಳಿಗೂ ಈ ಭಾಗ್ಯವಿಲ್ಲ. ಅದೇ 2011ರಲ್ಲಿ ಇಂಟೆಲ್‌ನ 320 ಸರಣಿಯ ಕೆಲವು ಡ್ರೈವ್‌ಗಳು ವಿದ್ಯುತ್ ಹಠಾತ್ತನೆ ಹೋದ ಬಳಿಕ ತಮ್ಮ ಅಳತೆಯನ್ನೇ 8 ಎಂಬಿ ಎಂದು ತೋರಿಸತೊಡಗಿದ್ದವು, ಒಳಗಿದ್ದದ್ದು ಕೈಗೆ ಸಿಗುತ್ತಿರಲಿಲ್ಲ. 2019ರಲ್ಲಿ ಎಚ್‌ಪಿಇ ತನ್ನ ಕೆಲವು ಸರ್ವರ್ ಎಸ್‌ಎಸ್‌ಡಿಗಳು 32,768 ಗಂಟೆಗೆ ಸಾಯುತ್ತವೆ, ಆಮೇಲೆ ಡ್ರೈವೂ ಇಲ್ಲ, ಡೇಟಾವೂ ಇಲ್ಲ ಎಂದು ಎಚ್ಚರಿಸಿತು. ಹಾಗಾಗಿ ಡ್ರೈವ್ ಒಮ್ಮೆ ತಿರುಗಿ ಕಾಣಿಸಿಕೊಂಡಿತೆಂದರೆ ಮೊದಲ ಕೆಲಸ ಅಪ್‌ಡೇಟ್ ಅಲ್ಲ, ಬ್ಯಾಕಪ್.

ಅದಕ್ಕೂ ಮುಂಚೆ ಕೈ ಕಟ್ಟಿಕೊಳ್ಳಬೇಕಾದ ಜಾಗ ಒಂದಿದೆ. ಅಳತೆ ತಪ್ಪಾಗಿ ತೋರಿಸುತ್ತಿರುವ ಡ್ರೈವನ್ನು ಇನ್ನೊಂದು ಕಂಪ್ಯೂಟರ್‌ಗೆ ಜೋಡಿಸಿದಾಗ ವಿಂಡೋಸ್ ಕೆಲವೊಮ್ಮೆ Initialize Disk ಎಂದು ಕೇಳುತ್ತದೆ. ಒಪ್ಪಬಾರದು. ಫಾರ್ಮ್ಯಾಟ್ ಮಾಡಿಬಿಡೋಣ ಎನ್ನುವ ಅಂಗಡಿಯವರ ಉತ್ಸಾಹಕ್ಕೂ ಬೇಡ ಎನ್ನಬೇಕು.

ಎಂ4 ಇರುವ ಲ್ಯಾಪ್‌ಟಾಪ್‌ನಲ್ಲಿ ಹೆಜ್ಜೆಗಳು ಹೀಗಿರುತ್ತವೆ. ರೀಸ್ಟಾರ್ಟ್ ಸಾಲದು, ಏಕೆಂದರೆ ಅದರಲ್ಲಿ ಡ್ರೈವ್‌ಗೆ ಹೋಗುವ ಕರೆಂಟ್ ಕಡಿಯದೇ ಇರಬಹುದು. ಪೂರ್ತಿ ಆಫ್ ಮಾಡಿ ಅರ್ಧ ನಿಮಿಷ ಬಿಟ್ಟು ಹಚ್ಚಬೇಕು. ಈಗ ಕೈಯಲ್ಲಿರುವುದು ಹೆಚ್ಚೆಂದರೆ ಒಂದು ಗಂಟೆ. ಹಳೆಯ ಯುಎಸ್‌ಬಿ 2 ಪೋರ್ಟ್ ಸೆಕೆಂಡಿಗೆ 30 ಎಂಬಿ ಸಾಗಿಸಿದರೂ ಆ ಹೊತ್ತಿನಲ್ಲಿ ನೂರು ಜಿಬಿಗೂ ಮಿಕ್ಕಿ ಹೊರಗಿನ ಡಿಸ್ಕ್‌ಗೆ ಸೇರುತ್ತದೆ. ಆದರೂ ಫೋಟೊ, ದಾಖಲೆಗಳು ಮೊದಲು ಹೋಗಲಿ, ಸಿನಿಮಾಗಳು ಕಾಯಲಿ. ನಕಲಾದ ನಾಲ್ಕೈದು ಫೈಲ್‌ಗಳನ್ನು ಬೇರೆ ಯಂತ್ರದಲ್ಲಿ ತೆರೆದು ನೋಡುವುದನ್ನು ಮರೆಯಬಾರದು.

ಇಷ್ಟಾದ ಮೇಲೆ ರೋಗ ಇದೇ ಹೌದೇ ಎಂದು ಪರೀಕ್ಷಿಸಬೇಕು. ಈಗಿನ ವಿಂಡೋಸ್‌ನಲ್ಲಾದರೆ ಪವರ್‌ಶೆಲ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಇವೆರಡನ್ನು ಕೊಡಬಹುದು:

```
Get-PhysicalDisk | Select FriendlyName, FirmwareVersion
Get-PhysicalDisk | Get-StorageReliabilityCounter | Select PowerOnHours
```

ಮೊದಲನೆಯದು ಮಾಡೆಲ್ ಮತ್ತು ಫರ್ಮ್‌ವೇರ್ ಸಂಖ್ಯೆ ಹೇಳುತ್ತದೆ, ಎರಡನೆಯದು ಓಡಿದ ಗಂಟೆ. ಗಂಟೆ 5,184 ದಾಟಿದ್ದು ಫರ್ಮ್‌ವೇರ್ 0309ಕ್ಕಿಂತ ಹಳೆಯದಾಗಿದ್ದರೆ ಅನುಮಾನವೇ ಬೇಡ. ಗಂಟೆ ಇನ್ನೂ ಸಾವಿರದಲ್ಲೇ ಇದ್ದರೆ ಕಾಯಿಲೆ ಬೇರೆ, ಈ ಮದ್ದು ಅದಕ್ಕಲ್ಲ. ಬೇರೆ ಮಾಡೆಲ್‌ನ ಫರ್ಮ್‌ವೇರ್ ಹಾಕಲು ಹೋಗುವುದಂತೂ ಹುಚ್ಚು ಸಾಹಸ.

ಡ್ರೈವ್‌ಗೆ ಬಿಟ್‌ಲಾಕರ್ ಬೀಗ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡು, ಬೀಗವನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡುವುದು ಒಳ್ಳೆಯದು. ಬ್ಯಾಟರಿ ತುಂಬಿರಬೇಕು, ಚಾರ್ಜರೂ ಚುಚ್ಚಿರಬೇಕು. ಬರೆಯುವ ನಡುವೆ ಕರೆಂಟ್ ಹೋದರೆ ಅರೆಬರೆ ಫರ್ಮ್‌ವೇರ್‌ನ ಡ್ರೈವ್ ಏಳದೆಯೇ ಹೋಗಬಹುದು. ಅಪ್‌ಡೇಟ್ ಶುರು ಮಾಡುವ ಮುನ್ನ ಇನ್ನೊಮ್ಮೆ ಪೂರ್ತಿ ಆಫ್ ಮಾಡಿ ಹಚ್ಚಿದರೆ ಆ ಒಂದು ಗಂಟೆ ಹೊಸದಾಗಿ ಸಿಗುತ್ತದೆ, ಕೆಲಸ ಮುಗಿಯಲು ಬೇಕಾದದ್ದು ಕೆಲವೇ ನಿಮಿಷ.

ಮುಗಿದ ಮೇಲೆ ಮತ್ತೆ ಆಫ್ ಮಾಡಿ ಹಚ್ಚಿ, ಮೊದಲ ಆದೇಶವನ್ನೇ ಇನ್ನೊಮ್ಮೆ ಕೊಟ್ಟು 0309 ಕಾಣುತ್ತದೆಯೇ ನೋಡಬೇಕು. ಆಮೇಲೆ ಬಿಟ್‌ಲಾಕರ್ ತಿರುಗಿ ಚಾಲೂ ಮಾಡಿ, ಲ್ಯಾಪ್‌ಟಾಪನ್ನು ಸ್ಲೀಪ್‌ಗೆ ಹೋಗಲು ಬಿಡದೆ ಒಂದೆರಡು ಗಂಟೆ ಓಡಿಸಿದರೆ ದೋಷ ನಿಜಕ್ಕೂ ಹೋಯಿತೇ ಎಂಬುದು ತಿಳಿಯುತ್ತದೆ.