ಮಡಚಿದ ಸಾಲು

ಪರೀಕ್ಷೆಯ ದಿನ ಬೆಳಿಗ್ಗೆ ಹೈದರಾಬಾದಿನ ಯಾವ ಶಾಲೆಯ ಅಂಗಳಕ್ಕೆ ಹೋದರೂ ಒಂದೇ ನೋಟ. ಕೈಯಲ್ಲಿ ಹಾಲ್ ಟಿಕೆಟ್ ಹಿಡಿದ ಮಕ್ಕಳು ನೋಟಿಸ್ ಬೋರ್ಡಿನ ಮುಂದೆ ಮುಗಿಬಿದ್ದು, ಹಾಳೆಯ ಮೇಲೆ ಬೆರಳಾಡಿಸುತ್ತ ತಮ್ಮ ನಂಬರು ಹುಡುಕುತ್ತಿರುತ್ತಾರೆ. ನಂಬರು ಸಿಕ್ಕವರು ಕೊಠಡಿಗೆ ಓಡುತ್ತಾರೆ. ಆ ಹಾಳೆ ಹೇಗೆ ಹುಟ್ಟಿತು ಎಂದು ಯಾರೂ ಕೇಳುವುದಿಲ್ಲ.

ಮೊದಲು ಅದನ್ನು ಮಾಡುತ್ತಿದ್ದುದು ಕೈಯಿಂದ. ಒಬ್ಬ ಮೇಷ್ಟ್ರು ಹಾಜರಿ ಪುಸ್ತಕಗಳನ್ನು ಮುಂದಿಟ್ಟುಕೊಂಡು, ಬೆಂಚಿನ ಎಡಕ್ಕೆ ಎಂಟನೇ ತರಗತಿಯವನು, ಬಲಕ್ಕೆ ಒಂಬತ್ತನೇ ತರಗತಿಯವನು ಎಂದು ಜೋಡಿ ಹಾಕುತ್ತ ಹೋಗುತ್ತಿದ್ದರು. ಒಂದೇ ಪ್ರಶ್ನೆಪತ್ರಿಕೆಯ ಇಬ್ಬರು ಅಕ್ಕಪಕ್ಕ ಕೂರಬಾರದು ಎಂಬುದಷ್ಟೇ ನಿಯಮ. ಕಂಪ್ಯೂಟರು ಬಂದಾಗ ಅದಕ್ಕೂ ಇದೇ ಜೋಡಿ ಹಾಕುವ ಬುದ್ಧಿಯನ್ನು ಕಲಿಸಿದರು. ತೊಂದರೆ ಇದ್ದುದು ಅಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. ಶಾಲೆಯೊಂದರಲ್ಲಿ ಎಂಟನೇ ತರಗತಿಗೆ 96, ಒಂಬತ್ತಕ್ಕೆ 84, ಹತ್ತಕ್ಕೆ 60 ಮಕ್ಕಳು. ಒಟ್ಟು 240. ಕೊಠಡಿಗಳು ಎಂಟು. ಪ್ರತಿಯೊಂದರಲ್ಲಿ ಮೂರು ಸಾಲು ಬೆಂಚು, ಸಾಲಿಗೆ ಐದು ಬೆಂಚು, ಬೆಂಚಿಗೆ ಇಬ್ಬರು. ಅಲ್ಲಿಗೆ ಕೊಠಡಿಗೆ 30 ಜನ, ಜಾಗ ಸರಿಯಾಗಿ ಸಾಕು. ಈಗ ಎಂಟು ಮತ್ತು ಒಂಬತ್ತರ ಜೋಡಿ ಹಾಕುತ್ತ ಬನ್ನಿ. 84 ಜೋಡಿಗೆ ಒಂಬತ್ತನೆಯವರು ಮುಗಿಯುತ್ತಾರೆ. ಉಳಿದ 12 ಎಂಟನೆಯವರನ್ನು ಹತ್ತನೆಯವರ ಜೊತೆ ಕೂರಿಸಿದರೆ ಕೊನೆಗೆ 48 ಹತ್ತನೆಯವರು ಮಾತ್ರ ಉಳಿಯುತ್ತಾರೆ. ಅವರ ಪಕ್ಕಕ್ಕೆ ಕೂರಿಸಲು ಬೇರೆ ಯಾರೂ ಇಲ್ಲ. ಮೊದಲ ಆರು ಕೊಠಡಿಗಳು ಅಚ್ಚುಕಟ್ಟು, ಏಳನೆಯದರ ನಡುವಿನಿಂದ ಕೊನೆಯವರೆಗೆ ನಿಯಮವೇ ಇಲ್ಲ. ಕೆಟ್ಟ ಪಟ್ಟಿಯನ್ನು ಗುರುತಿಸುವ ಸುಲಭ ದಾರಿಯೂ ಇದೇ: ಮೊದಲ ಕೊಠಡಿಯನ್ನು ನೋಡಬೇಡಿ, ಕೊನೆಯದನ್ನು ನೋಡಿ.

ಪರಿಹಾರ ಚದುರಂಗದ ಹಾಸಿನಲ್ಲಿದೆ. ಕೊಠಡಿಯ ಆಸನಗಳಿಗೆಲ್ಲ ಆ ಹಾಸಿನಂತೆ ಬಿಳಿ, ಕಪ್ಪು ಬಣ್ಣ ಕೊಡಿ. ಬಿಳಿ ಆಸನದ ಎಡ, ಬಲ, ಹಿಂದೆ, ಮುಂದೆ ಇರುವುದೆಲ್ಲ ಕಪ್ಪೇ. ಆರು ಜನರ ಅಡ್ಡಸಾಲು, ಐದು ಜನರ ಆಳ ಇರುವ ಕೊಠಡಿಯಲ್ಲಿ 15 ಬಿಳಿ, 15 ಕಪ್ಪು. ಎಂಟೂ ಕೊಠಡಿ ಸೇರಿ 120 ಬಿಳಿ, 120 ಕಪ್ಪು. ಎಕ್ಸೆಲ್ ಹಾಳೆಯನ್ನೇ ಕೊಠಡಿಯ ನಕ್ಷೆ ಮಾಡಿಕೊಂಡವರಿಗೆ ಈ ಬಣ್ಣ ಒಂದೇ ಸೂತ್ರದಲ್ಲಿ ಸಿಗುತ್ತದೆ:

```
=MOD(ROW()+COLUMN(),2)
```

ಸೊನ್ನೆ ಬಂದ ಕಡೆ ಬಿಳಿ, ಒಂದು ಬಂದ ಕಡೆ ಕಪ್ಪು.

ಇನ್ನು ಮಕ್ಕಳನ್ನು ಜೋಡಿ ಮಾಡುವ ಗೊಡವೆಯೇ ಬೇಡ. ಎಲ್ಲರನ್ನೂ ಒಂದೇ ಉದ್ದನೆಯ ಸಾಲಿನಲ್ಲಿ ನಿಲ್ಲಿಸಿ: ಮೊದಲು ಎಂಟನೆಯವರು, ನಡುವೆ ಹತ್ತನೆಯವರು, ಕೊನೆಗೆ ಒಂಬತ್ತನೆಯವರು. ಆ ಸಾಲನ್ನು ಸರಿಯಾಗಿ ನಡುವೆ ಮಡಚಿ. ಮೊದಲ ಅರ್ಧ ಮೊದಲ ಕೊಠಡಿಯಿಂದ ಎಂಟನೇ ಕೊಠಡಿಯವರೆಗೆ ಬಿಳಿ ಆಸನಗಳನ್ನು ತುಂಬುತ್ತದೆ. ಎರಡನೆಯ ಅರ್ಧ ಮತ್ತೆ ಮೊದಲ ಕೊಠಡಿಯಿಂದಲೇ ಆರಂಭಿಸಿ ಕಪ್ಪು ಆಸನಗಳನ್ನು ತುಂಬುತ್ತದೆ. ಬಿಳಿಯಲ್ಲಿ 96 ಎಂಟನೆಯವರು, ಅವರ ಹಿಂದೆ 24 ಹತ್ತನೆಯವರು. ಕಪ್ಪಿನಲ್ಲಿ ಉಳಿದ 36 ಹತ್ತನೆಯವರು, ಅವರ ಹಿಂದೆ 84 ಒಂಬತ್ತನೆಯವರು.

ಹತ್ತನೆಯವರು ಎರಡೂ ಬಣ್ಣದಲ್ಲಿದ್ದಾರೆ, ಆದರೆ ಮುಖಾಮುಖಿಯಾಗುವುದಿಲ್ಲ. ಕಪ್ಪಿನವರು ಒಂದು, ಎರಡು, ಮೂರನೇ ಕೊಠಡಿಯಲ್ಲಿ ಮುಗಿದರೆ, ಬಿಳಿಯವರು ಏಳರ ನಡುವೆ ಆರಂಭವಾಗಿ ಎಂಟರಲ್ಲಿ ಮುಗಿಯುತ್ತಾರೆ. ಒಂದು ಕೊಠಡಿಯಲ್ಲೂ ಒಂದೇ ತರಗತಿಯವರ ಭುಜಕ್ಕೆ ಭುಜ ತಾಗುವುದಿಲ್ಲ, ಹಿಂದೆ ಮುಂದೆಯೂ ಇಲ್ಲ. ದೊಡ್ಡ ತರಗತಿ ಸಾಲಿನ ತುದಿಯಲ್ಲಿರಬೇಕು, ಚಿಕ್ಕದು ನಡುವೆ ಇರಬೇಕು ಎಂಬುದೇ ಇದರ ಗುಟ್ಟು.

ಮಿತಿಯೂ ಇಲ್ಲೇ ಕಾಣುತ್ತದೆ. ಈ ಎಂಟು ಕೊಠಡಿಗಳು ತುಂಬಿರುವಾಗ ಒಂದೇ ತರಗತಿಯ 121ನೇ ಮಗು ಬಂದರೆ ಯಾವ ಜಾಣತನವೂ ನಡೆಯದು. ಆಗ ಬೇಕಾದದ್ದು ಒಳ್ಳೆಯ ಪ್ರೋಗ್ರಾಂ ಅಲ್ಲ, ಇನ್ನೊಂದು ಕೊಠಡಿ. ಬಲ್ಲವರು ಆದ್ದರಿಂದಲೇ ಹೆಸರುಗಳನ್ನು ಮುಟ್ಟುವ ಮೊದಲು ತರಗತಿವಾರು ಸಂಖ್ಯೆಯನ್ನು ನೋಡುತ್ತಾರೆ.

ಇನ್ನೊಂದು ಮಿತಿ ಓರೆಗಣ್ಣಿನದು. ಚದುರಂಗದ ಹಾಸಿನಲ್ಲಿ ಕರ್ಣದ ದಿಕ್ಕಿಗೆ ಇರುವುದು ಅದೇ ಬಣ್ಣ. ಅಂದರೆ ಓರೆಯಾಗಿ ಮುಂದೆ ಕೂತವನ ಕೈಯಲ್ಲಿರುವುದು ನನ್ನದೇ ಪ್ರಶ್ನೆಪತ್ರಿಕೆ. ಒಟ್ಟಿಗಿರುವ ಯಾವ ನಾಲ್ಕು ಆಸನಗಳ ಚೌಕವನ್ನು ತೆಗೆದುಕೊಂಡರೂ ಅವು ಒಂದಕ್ಕೊಂದು ನೆರೆ, ಹಾಗಾಗಿ ಓರೆಯನ್ನೂ ತಪ್ಪಿಸಬೇಕೆಂದರೆ ನಾಲ್ಕು ಬಗೆಯ ಪತ್ರಿಕೆ ಬೇಕೇ ಬೇಕು. ಎ, ಬಿ, ಸಿ, ಡಿ ಎಂದು ನಾಲ್ಕು ಸೆಟ್ ಅಚ್ಚು ಹಾಕುವ ಪರೀಕ್ಷೆಗಳಲ್ಲಿ ಆ ಸಂಖ್ಯೆ ಎಷ್ಟು ಸಲೀಸಾಗಿ ಹೊಂದುತ್ತದೆ ನೋಡಿ. ಮೂರಿದ್ದರೆ ಒಂದು ಓರೆ ತೆರೆದೇ ಉಳಿಯುತ್ತದೆ.

ಕೊರೋನಾ ಕಾಲ ಈ ಲೆಕ್ಕವನ್ನು ಬೇರೆ ಬಾಗಿಲಿನಿಂದ ಒಳಗೆ ತಂದಿತು. 2020ರಲ್ಲಿ ತೆಲಂಗಾಣದ ಹತ್ತನೇ ತರಗತಿಯ ಪರೀಕ್ಷೆ ಮಾರ್ಚ್‌ನಲ್ಲಿ ಆರಂಭವಾಗಿ ನಿಂತಿತು. ಬೆಂಚಿಗೆ ಒಬ್ಬರಂತೆ ಕೂರಿಸಿ ಮುಗಿಸುವ ಸಿದ್ಧತೆ ನಡೆದು, ಜೂನ್ 8ರಂದು ಪರೀಕ್ಷೆಯೇ ರದ್ದಾಯಿತು. ಬೆಂಚಿಗೆ ಒಬ್ಬರನ್ನು ಒಮ್ಮೆ ಎಡತುದಿ, ಹಿಂದಿನ ಬೆಂಚಿನಲ್ಲಿ ಬಲತುದಿ ಎಂದು ಕೂರಿಸಿದರೆ ಉಳಿಯುವುದು ಬಿಳಿ ಆಸನಗಳಷ್ಟೇ. ನಮ್ಮ 240 ಮಕ್ಕಳಿಗೆ ಎಂಟರ ಬದಲು ಹದಿನಾರು ಕೊಠಡಿ. ಕರ್ನಾಟಕ 2021ರ ಜುಲೈನಲ್ಲಿ ಎಸ್ಸೆಸ್ಸೆಲ್ಸಿಯನ್ನು ಎರಡೇ ದಿನಕ್ಕೆ ಇಳಿಸಿ, ಕೊಠಡಿಗೆ 12 ಮಕ್ಕಳೆಂದು ನಿಗದಿ ಮಾಡಿತು. ಆ ಅಳತೆಯಲ್ಲಿ ಇದೇ ಮಕ್ಕಳಿಗೆ ಇಪ್ಪತ್ತು ಕೊಠಡಿ.

ಹೈದರಾಬಾದಿಗೆ ಮಾತ್ರ ಇನ್ನೊಂದು ಗಂಟು ಇದೆ, ಅದು ಭಾಷೆಯ ಪತ್ರಿಕೆಯ ದಿನದ್ದು. 1956ರ ತನಕ ಬೀದರ, ಕಲಬುರಗಿ, ರಾಯಚೂರುಗಳಿಗೆ ಇದೇ ರಾಜಧಾನಿಯಾಗಿತ್ತು. ಕಾಚಿಗುಡದಲ್ಲಿ ನೃಪತುಂಗನ ಹೆಸರಿನ ಶಾಲೆ ಇರುವ ಊರಿದು. ತೆಲುಗು, ಉರ್ದು, ಹಿಂದಿಯ ಜೊತೆಗೆ ಕನ್ನಡ ಬರೆಯುವ ಒಂದಷ್ಟು ಮಕ್ಕಳೂ ಇರುತ್ತಾರೆ. ನಮ್ಮ ಲೆಕ್ಕದ 60 ಹತ್ತನೆಯವರಲ್ಲಿ 12 ಜನ ಕನ್ನಡದವರು ಎಂದಿಟ್ಟುಕೊಳ್ಳಿ. ಅಕ್ಷರಾನುಕ್ರಮದಲ್ಲಿ ಬಿಟ್ಟರೆ ಅವರು ಐದು ಕೊಠಡಿಗಳಲ್ಲಿ ಚದುರಬಹುದು. ಒಂದು ಪುಟ್ಟ ಪ್ಯಾಕೆಟ್ಟಿನ ಪ್ರಶ್ನೆಪತ್ರಿಕೆ ಐದು ಕಡೆ ಹಂಚಿಹೋಗುತ್ತದೆ. ಎಲ್ಲೋ ಒಂದು ಕೊಠಡಿಯಲ್ಲಿ ಒಬ್ಬಳೇ ಹುಡುಗಿ ತೆಲುಗು ಪತ್ರಿಕೆ ಕೈಗೆ ಬಂತೆಂದು ಎದ್ದು ನಿಲ್ಲುತ್ತಾಳೆ. ಪತ್ರಿಕೆಯಲ್ಲಿ ಅಚ್ಚಿನ ತಪ್ಪಿದ್ದರೆ ಕನ್ನಡ ಓದಬಲ್ಲ ಮೇಲ್ವಿಚಾರಕರು ಅಲ್ಲಿ ಇರುವುದಿಲ್ಲ.

ಇಲ್ಲಿ ಬೇಕಾದದ್ದು ದೂರ ಮಾಡುವುದಲ್ಲ, ಹತ್ತಿರ ತರುವುದು. ಹತ್ತನೇ ತರಗತಿಯ ಪಟ್ಟಿಯನ್ನು ಮೊದಲು ಭಾಷೆಯಂತೆ, ಆಮೇಲೆ ನಂಬರಿನಂತೆ ಜೋಡಿಸಿ, ಕನ್ನಡದ ಹನ್ನೆರಡು ಜನ ಬಿಳಿ ಸಾಲಿನ ಕೊನೆಗೆ ಬರುವಂತೆ ಮಾಡಿದರೆ ಸಾಕು. ಎಂಟನೇ ಕೊಠಡಿಯ 15 ಬಿಳಿ ಆಸನಗಳಲ್ಲಿ ಅವರೆಲ್ಲ ಹಿಡಿಸುತ್ತಾರೆ, ಪಕ್ಕದಲ್ಲಿ ಒಂಬತ್ತನೆಯವರು. ಪ್ಯಾಕೆಟ್ಟು ಒಂದೇ ಬಾಗಿಲಿಗೆ ಹೋಗುತ್ತದೆ. ಓರೆಗಣ್ಣಿನ ಭಯ ಉಳಿಯುತ್ತದೆ, ಅದಕ್ಕೆ ಮೇಲ್ವಿಚಾರಕರ ಕಣ್ಣೇ ಮದ್ದು.

ಹಾಳೆ ಅಚ್ಚಾಗುವ ಮೊದಲು ಎರಡು ಪರೀಕ್ಷೆ ಆ ಹಾಳೆಗೇ ಆಗಬೇಕು. ಕೊಠಡಿಗಳ ಮೊತ್ತ 240 ಬರಬೇಕು, ಒಂದು ನಂಬರೂ ಎರಡು ಸಲ ಬರಬಾರದು. ಇವೆರಡಕ್ಕೂ ಸಿಗದ ತಪ್ಪೂ ಒಂದಿದೆ: ನಂಬರುಗಳನ್ನು ಎಕ್ಸೆಲ್ ಅಕ್ಷರವೆಂದು ಓದಿದ್ದರೆ 2ಕ್ಕಿಂತ ಮೊದಲು 10 ಬಂದು ನಿಂತಿರುತ್ತದೆ. ಪಟ್ಟಿ ತುಂಬಿರುತ್ತದೆ, ಬಾಗಿಲಿಗೆ ಅಂಟಿಸಿದ ‘ಇಂದ’, ‘ವರೆಗೆ’ ಮಾತ್ರ ಸುಳ್ಳಾಗುತ್ತದೆ.

ಹಾಳೆ ಗೋಡೆಗೆ ಏರಿದ ಮೇಲೆ ಹೊಸದಾಗಿ ಸೇರಿದ ಒಂದು ಮಗುವಿನ ಹೆಸರು ಬಂತೆನ್ನಿ. ಅದನ್ನು ಸಾಲಿನ ನಡುವೆ ತೂರಿಸಿ ಮತ್ತೆ ಲೆಕ್ಕ ಹಾಕಿಸಿದರೆ ಅದರ ಹಿಂದಿನವರೆಲ್ಲ ಒಂದೊಂದು ಆಸನ ಸರಿಯುತ್ತಾರೆ. ಅವರಲ್ಲಿ ಈಗಾಗಲೇ ನೋಡಿಕೊಂಡು ಹೋದವರೆಲ್ಲ ತಪ್ಪು ಬೆಂಚಿಗೆ ಹೋಗುತ್ತಾರೆ. ಆಗ ಕಂಪ್ಯೂಟರನ್ನು ಮುಟ್ಟಬಾರದು. ಮೇಲ್ವಿಚಾರಕರ ಮೇಜಿನ ಪಕ್ಕ ಒಂದು ಕುರ್ಚಿ ಹಾಕಿಸಿ, ಹಾಳೆಯ ಕೆಳಗೆ ಪೆನ್ನಿನಿಂದ ಆ ನಂಬರು ಬರೆಯಬೇಕು, ಹಳೆಯ ಮೇಷ್ಟ್ರು ಮಾಡುತ್ತಿದ್ದ ಹಾಗೆ.