ಹಿಂದೆ ಬೀಳುವ ದನಿ

ದಾವಣಗೆರೆಯ ಒಂದು ಪ್ರೌಢಶಾಲೆಯಲ್ಲಿ ನನ್ನ ಅತ್ತಿಗೆ ಗಣಿತ ಕಲಿಸುತ್ತಾರೆ. ಕೋಣೆಯಲ್ಲಿ 58 ಮಕ್ಕಳು, ತಲೆಯ ಮೇಲೆ ನಾಲ್ಕು ಫ್ಯಾನು, ಕಿಟಕಿಯಾಚೆ ಬಸ್ಸು ಓಡಾಡುವ ರಸ್ತೆ. ಕಿರುಚಿ ಕಿರುಚಿ ಗಂಟಲು ಕಟ್ಟಿದಾಗ ಸೆರಗಿಗೆ ಸಿಕ್ಕಿಸುವ ಬ್ಲೂಟೂತ್ ಮೈಕ್ ಕೊಂಡು, ಸ್ಪೀಕರನ್ನು ಹಿಂದಿನ ಗೋಡೆಯ ಹತ್ತಿರ ಇಟ್ಟರು. ಮೂರನೇ ದಿನ ಅದನ್ನು ಬೀರುವಿಗೆ ಸೇರಿಸಿದರು. "ಆಡಿದ ಮಾತೆಲ್ಲ ಹಿಂದಿನಿಂದ ಇನ್ನೊಮ್ಮೆ ಬರುತ್ತೆ ನೋಡಪ್ಪ, ನಾಲಿಗೆ ತಡವರಿಸುತ್ತೆ. ಬೋರ್ಡಿನ ಕಡೆ ತಿರುಗಿದರೆ ದನಿಯೇ ಮಾಯ" ಎಂದರು.

ಒಂದು ಶನಿವಾರ ಮಧ್ಯಾಹ್ನ ಹೋಗಿ ನೋಡಿದೆ. ಮೇಜಿನ ಮೇಲೆ ಮೈಕಿನ ಪಕ್ಕದಲ್ಲೇ ಮೊಬೈಲಿಟ್ಟು, ರೆಕಾರ್ಡಿಂಗ್ ಶುರು ಮಾಡಿ, ಒಂದೇ ಒಂದು ಚಪ್ಪಾಳೆ ತಟ್ಟಿದೆ. ಆ ಧ್ವನಿಯನ್ನು ಕಂಪ್ಯೂಟರಿನಲ್ಲಿ ತೆರೆದರೆ ಎರಡು ಮೊನೆಗಳು ಕಂಡವು: ಮೊದಲನೆಯದು ಕೈಯ ಸದ್ದು, ಎರಡನೆಯದು ಸ್ಪೀಕರಿನದು. ನಡುವೆ 210 ಮಿಲಿಸೆಕೆಂಡ್. ಸ್ಪೀಕರು ಏಳು ಮೀಟರ್ ದೂರದಲ್ಲಿತ್ತು, ಗಾಳಿಯಲ್ಲಿ ಅಷ್ಟು ದೂರ ಬರಲು ಸದ್ದಿಗೆ ಸುಮಾರು 20 ಮಿಲಿಸೆಕೆಂಡ್ ಬೇಕು. ಉಳಿದ 190 ಬ್ಲೂಟೂತಿನ ಪಾಲು. ಅಷ್ಟು ಹೊತ್ತಿನಲ್ಲಿ ಸದ್ದು 65 ಮೀಟರ್ ಸಾಗಿರುತ್ತದೆ. ಅಂದರೆ ಆಟದ ಮೈದಾನದ ಆಚೆ ತುದಿಯಲ್ಲಿ ಇನ್ನೊಬ್ಬ ಟೀಚರ್ ನಿಂತು ಅದೇ ಪಾಠ ಹೇಳಿದಂತೆ.

ಒಂದೇ ಮಾತು 30 ಮಿಲಿಸೆಕೆಂಡ್ ಅಂತರದೊಳಗೆ ಎರಡು ಸಲ ಬಂದರೆ ನಮ್ಮ ಕಿವಿ ಅವನ್ನು ಬೆಸೆದು ಒಂದೆಂದೇ ಕೇಳುತ್ತದೆ. ಅಂತರ ಬೆಳೆಯುತ್ತ ಹೋದಂತೆ ಅದು ಪ್ರತಿಧ್ವನಿಯಾಗುತ್ತದೆ. ಸ್ವಂತ ದನಿ 200 ಮಿಲಿಸೆಕೆಂಡ್‌ನಷ್ಟು ತಡವಾಗಿ ಕೇಳಿಸಿದರಂತೂ ಚೆನ್ನಾಗಿ ಮಾತಾಡುವವರೂ ತೊದಲುತ್ತಾರೆ. ತಪ್ಪು ಅತ್ತಿಗೆಯ ನಾಲಿಗೆಯದಲ್ಲ.

ಈ ತಡ ಎಲ್ಲಿಂದ ಬರುತ್ತದೆ? ಬ್ಲೂಟೂತ್ ಮಾತನ್ನು ಚಿಕ್ಕ ಚಿಕ್ಕ ಪೊಟ್ಟಣಗಳಾಗಿ ಕಟ್ಟಿ ಕಳಿಸುತ್ತದೆ. ಅದು ಓಡಾಡುವ 2.4 ಗಿಗಾಹರ್ಟ್ಸ್ ದಾರಿಯಲ್ಲೇ ವೈಫೈಯೂ ಓಡಾಡುತ್ತದೆ, ಹಾಗಾಗಿ ಕೆಲವು ಪೊಟ್ಟಣ ಹಾಳಾಗುತ್ತವೆ. ಅವನ್ನು ಮತ್ತೆ ಕಳಿಸಬೇಕು. ಅಲ್ಲಿಯವರೆಗೆ ದನಿ ನಿಲ್ಲದಿರಲೆಂದು ಸ್ಪೀಕರು ಒಂದಿಷ್ಟು ಮಾತನ್ನು ಮೊದಲೇ ತುಂಬಿಟ್ಟುಕೊಳ್ಳುತ್ತದೆ, ನಲ್ಲಿ ನೀರು ನಿಂತಾಗ ಇರಲೆಂದು ನಾವು ಟ್ಯಾಂಕಿ ತುಂಬಿಡುವ ಹಾಗೆ. ಟ್ಯಾಂಕಿ ದೊಡ್ಡದಾದಷ್ಟೂ ತಡ ಹೆಚ್ಚು. ಚಿಕ್ಕದು ಮಾಡಿದರೆ ಬೇಗ ಖಾಲಿಯಾಗಿ ದನಿ ಕಡಿಯುತ್ತದೆ. ಒಂದನ್ನು ಇಳಿಸಿದರೆ ಇನ್ನೊಂದು ಏರುತ್ತದೆ.

ಬೋರ್ಡಿನ ಕಡೆ ತಿರುಗಿದಾಗ ದನಿ ಹೋಗುವುದಕ್ಕೆ ಕಾರಣ ನಮ್ಮ ಮೈ. ಮೈಯೆಲ್ಲ ನೀರು, ನೀರು ಈ ಅಲೆಯನ್ನು ಹೀರುತ್ತದೆ. ಅಲೆಯ ಉದ್ದ ಬರೀ ಹನ್ನೆರಡೂವರೆ ಸೆಂಟಿಮೀಟರ್ ಆದ್ದರಿಂದ ಮೈಯನ್ನು ಬಳಸಿಕೊಂಡು ಹೋಗುವುದೂ ಅದಕ್ಕೆ ಕಷ್ಟ. ಸ್ಪೀಕರನ್ನು ಬೋರ್ಡಿನ ಪಕ್ಕಕ್ಕೆ ತಂದು, ಸ್ಮಾರ್ಟ್ ಬೋರ್ಡಿನ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆ. ಕಡಿತ ಬಹುಪಾಲು ನಿಂತಿತು. ಚಪ್ಪಾಳೆಯ ಎರಡು ಮೊನೆ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ದೂರದಲ್ಲಿದ್ದವು. ಅಂಗಡಿಯವರು ಹೇಳದೆ ಬಿಡುವ ಸಂಗತಿ ಇದೇ: ಜಾಗ ಬದಲಿಸಿ ಕಡಿತವನ್ನು ಸರಿಪಡಿಸಬಹುದು, ತಡವನ್ನಲ್ಲ.

ಕೊನೆಗೆ ಯುಎಚ್‌ಎಫ್ ಮೈಕ್ ತಂದೆವು. ಮಾಮೂಲಿ ಅನಲಾಗ್ ಯುಎಚ್‌ಎಫ್‌ನಲ್ಲಿ ಪೊಟ್ಟಣವೂ ಇಲ್ಲ, ಟ್ಯಾಂಕಿಯೂ ಇಲ್ಲ. ಎಫ್‌ಎಂ ರೇಡಿಯೋದಂತೆ ದನಿ ನೇರ ಅಲೆಯ ಮೇಲೇರಿ ಹೋಗುತ್ತದೆ. ಡಿಜಿಟಲ್ ಯುಎಚ್‌ಎಫ್ ಆದರೂ ತಡ ಕೆಲವೇ ಮಿಲಿಸೆಕೆಂಡ್. ಸ್ಪೀಕರನ್ನು ಮತ್ತೆ ಹಿಂದಿನ ಗೋಡೆಗೆ ಇಟ್ಟು ಚಪ್ಪಾಳೆ ತಟ್ಟಿದೆ. ಅಂತರ 20 ಮಿಲಿಸೆಕೆಂಡ್, ಗಾಳಿಯ ದಾರಿಯದ್ದು ಅಷ್ಟೇ. ಅಲೆಯ ಉದ್ದವೂ ಅರ್ಧ ಮೀಟರ್ ಹತ್ತಿರ, ಹಾಗಾಗಿ ಮೈಯ ಅಡ್ಡಿ ಕಡಿಮೆ. ರಿಸೀವರಿಗೆ ಎರಡು ಆಂಟೆನಾ ಇದ್ದು, ಒಂದಕ್ಕೆ ಸಿಗದ ಅಲೆಯನ್ನು ಇನ್ನೊಂದು ಹಿಡಿಯುವಂತಿದ್ದರೆ ಇನ್ನೂ ಒಳ್ಳೆಯದು.

ಆದರೆ ನಾಲ್ಕನೇ ದಿನ ಗಣಿತದ ಕ್ಲಾಸಿನಲ್ಲಿ ಮೊಘಲರ ಪಾಠ ಕೇಳಿಸಿತು! ಪಕ್ಕದ ಕೋಣೆಗೂ ಅದೇ ಮಾದರಿಯ ಮೈಕ್ ಬಂದಿತ್ತು, ಎರಡರ ಫ್ರೀಕ್ವೆನ್ಸಿಯೂ ಒಂದೇ. ಯುಎಚ್‌ಎಫ್‌ಗೆ ಗೋಡೆ ಲೆಕ್ಕಕ್ಕಿಲ್ಲ. ಬ್ಲೂಟೂತಿನಲ್ಲಿ ಈ ತೊಂದರೆಯಿಲ್ಲ, ಜೋಡಿಯಾದ ಮೈಕಿನ ಮಾತನ್ನಷ್ಟೇ ಅದು ಕೇಳುತ್ತದೆ. ಆದ್ದರಿಂದ ಫ್ರೀಕ್ವೆನ್ಸಿ ಬದಲಿಸಲು ಬರುವ ಸೆಟ್ಟನ್ನೇ ಕೊಳ್ಳಬೇಕು. 703ರಿಂದ 803 ಮೆಗಾಹರ್ಟ್ಸ್ ನಡುವೆ ಈಗ 5ಜಿ ಮೊಬೈಲ್‌ಗಳ ಸಂಚಾರವಿದೆ, ಅದನ್ನು ಬಿಡಿ. ತಮ್ಮ ಮೈಕನ್ನು ಆರಿಸಿ ರಿಸೀವರನ್ನಷ್ಟೇ ಹಾಕಿದಾಗಲೂ ಅದರ ಆರ್‌ಎಫ್ ದೀಪ ಉರಿದರೆ ಆ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾವುದೋ ಅಲೆ ಇದೆಯೆಂದೇ ಅರ್ಥ. ಈಗ ಅಲ್ಲಿ ಪ್ರತಿ ಕೋಣೆಯ ಬಾಗಿಲ ಒಳಬದಿಯಲ್ಲಿ ಅದರ ಫ್ರೀಕ್ವೆನ್ಸಿ ಬರೆದು ಅಂಟಿಸಿದ್ದಾರೆ.

ರಿಸೀವರಿನಿಂದ ಸ್ಪೀಕರಿಗೆ ವೈರನ್ನೇ ಎಳೆಯಬೇಕು. ಅಲ್ಲಿ ಬ್ಲೂಟೂತ್ ಜೋಡಿಸಿದರೆ ಹಳೆಯ ತಡ ಹಿಂದಿನ ಬಾಗಿಲಿನಿಂದ ಒಳಗೆ ಬರುತ್ತದೆ. ಬೀರುವಿನಲ್ಲಿದ್ದ ಬ್ಲೂಟೂತ್ ಮೈಕನ್ನು ಅತ್ತಿಗೆ ಮನೆಗೆ ತಂದು, ಮೊಬೈಲಿನಲ್ಲಿ ಪಾಠದ ವಿಡಿಯೋ ಮಾಡಲು ಬಳಸುತ್ತಿದ್ದಾರೆ. ಅಲ್ಲಿ ಸ್ಪೀಕರಿಲ್ಲ, ತುಟಿಗೂ ಮಾತಿಗೂ ಹೊಂದದಿದ್ದರೆ ಧ್ವನಿಯನ್ನು ಆಮೇಲೆ ಸ್ವಲ್ಪ ಮುಂದೆ ಸರಿಸಿದರಾಯಿತು.